ವೈ-ಫೈ ಕನೆಕ್ಟ್ ಆಗಿದೆ, ಆದರೆ ನೆಟ್ ಇಲ್ಲ: ‘ಪ್ರೈವೇಟ್ ಅಡ್ರೆಸ್ ಆನ್ ಮಾಡಿ’ ಎಂಬ ಫಾರ್ವರ್ಡ್ ಹೇಳದೆ ಬಿಟ್ಟ ವಿಷಯ

‘ನಿಮ್ಮ ಫೋನಿನ ವೈ-ಫೈ ಸೆಟ್ಟಿಂಗ್‌ನಲ್ಲಿ ಪ್ರೈವೇಟ್ ಅಡ್ರೆಸ್ ಆನ್ ಇದೆಯೇ? ಇಲ್ಲದಿದ್ದರೆ ಹ್ಯಾಕರ್‌ಗಳು ನಿಮ್ಮ ಬ್ಯಾಂಕ್ ಖಾತೆ ಖಾಲಿ ಮಾಡಬಹುದು. ಕೂಡಲೇ ಆನ್ ಮಾಡಿ, ಎಲ್ಲರಿಗೂ ಕಳುಹಿಸಿ.’ ಇಂಥದ್ದೊಂದು ಸಂದೇಶ ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಸಂದೇಶದ ಜೊತೆಗೆ ಎಲ್ಲಿ ಒತ್ತಬೇಕು ಎಂದು ಬಾಣದ ಗುರುತು ಹಾಕಿದ ಸ್ಕ್ರೀನ್‌ಶಾಟ್ ಕೂಡ ಇರುತ್ತದೆ.

ನೆಲಮಂಗಲ ತಾಲ್ಲೂಕಿನ ಸೋಂಪುರದ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳುಹಿಸಿ ಒಂದು ಪ್ರಶ್ನೆ ಕೇಳಿದ್ದರು. ಫಾರ್ವರ್ಡ್‌ನಲ್ಲಿ ಹೇಳಿದಂತೆ ಅವರು ಮತ್ತು ಅವರ ಪತ್ನಿ ಇಬ್ಬರೂ ತಮ್ಮ ಫೋನುಗಳಲ್ಲಿ ಆ ಆಯ್ಕೆಯನ್ನು ಆನ್ ಮಾಡಿದ್ದರು. ಅಲ್ಲಿಂದ ಆ ಎರಡು ಫೋನುಗಳಿಗೆ ಮಾತ್ರ ನೆಟ್ ನಿಂತುಹೋಯಿತು. ವೈ-ಫೈ ಕನೆಕ್ಟ್ ಆಗುತ್ತಿತ್ತು, ಪರದೆಯ ಮೇಲೆ ಸಿಗ್ನಲ್ ಗೆರೆಗಳೂ ಪೂರ್ತಿ ಕಾಣುತ್ತಿದ್ದವು, ಆದರೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಮನೆಯ ಟಿವಿ ಮತ್ತು ಮಗನ ಫೋನು ಆರಾಮವಾಗಿ ಓಡುತ್ತಿದ್ದವು. ಮನೆಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಮಗಳಿಗೆ ಅಮ್ಮನ ಫೋನಿನಲ್ಲೇ ಕೆಲಸದ ಆನ್‌ಲೈನ್ ಇಂಟರ್‌ವ್ಯೂ ಇತ್ತು. ‘ನಮ್ಮ ಫೋನಿಗೆ ವೈರಸ್ ಬಂದಿದೆಯೇ? ಅಥವಾ ನೆಟ್ ಕೊಡುವವರೇ ನಮ್ಮನ್ನು ಬ್ಲಾಕ್ ಮಾಡಿದ್ದಾರೆಯೇ?’ ಇದು ಅವರ ಪ್ರಶ್ನೆ.

ಎರಡೂ ಅಲ್ಲ. ಅಡ್ಡ ಬಂದದ್ದು ಅವರದೇ ಮನೆಯ ರೂಟರ್‌ನಲ್ಲಿ ಮೂರು ವರ್ಷದ ಹಿಂದೆ ಯಾರೋ ಹಾಕಿಟ್ಟು ಎಲ್ಲರೂ ಮರೆತಿದ್ದ ಒಂದು ಪಟ್ಟಿ. ಆ ಪಟ್ಟಿ ಏನು, ಅದು ಫೋನನ್ನು ಒಳಗೆ ಬಿಟ್ಟೂ ನೆಟ್ ಕೊಡದೆ ಹೇಗೆ ತಡೆಯುತ್ತದೆ, ಸರಿಪಡಿಸುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಫೋನಿಗೂ ಒಂದು ಟೋಕನ್ ನಂಬರ್ ಇದೆ

ವೈ-ಫೈ ಬಳಸುವ ಪ್ರತಿ ಸಾಧನಕ್ಕೂ, ಅದು ಫೋನಾಗಲಿ, ಟಿವಿಯಾಗಲಿ, ಸಿಸಿಟಿವಿ ಕ್ಯಾಮೆರಾ ಆಗಲಿ, ತಯಾರಾಗುವಾಗಲೇ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತಾರೆ. ಇದಕ್ಕೆ ಹಾರ್ಡ್‌ವೇರ್ ವಿಳಾಸ ಅಥವಾ ಮ್ಯಾಕ್ ವಿಳಾಸ ಎನ್ನುತ್ತಾರೆ. ಎರಡೆರಡು ಅಕ್ಷರಗಳ ಆರು ಜೋಡಿ, ಒಟ್ಟು ಹನ್ನೆರಡು ಅಕ್ಷರ. ಅದರಲ್ಲಿ 0 ಯಿಂದ 9 ರವರೆಗಿನ ಅಂಕಿಗಳು ಮತ್ತು A ಯಿಂದ F ವರೆಗಿನ ಅಕ್ಷರಗಳು ಮಾತ್ರ ಬರುತ್ತವೆ. ಕಂಪನಿ ಕೊಟ್ಟ ವಿಳಾಸದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಜೋಡಿ ಯಾವ ತಯಾರಕರದ್ದು ಎಂದು ಹೇಳುತ್ತವೆ. ತಯಾರಕರಿಗೆ ಈ ಸಂಖ್ಯೆಗಳನ್ನು ಹಂಚುವುದು ಐಇಇಇ ಎಂಬ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ.

ರೂಟರ್ ನಿಮ್ಮ ಫೋನನ್ನು ಗುರುತಿಸುವುದು ಈ ಸಂಖ್ಯೆಯಿಂದಲೇ. ಫೋನಿಗೆ ನೀವು ಇಟ್ಟ ಹೆಸರಾಗಲಿ, ನಿಮ್ಮ ಮೊಬೈಲ್ ನಂಬರಾಗಲಿ ಅದಕ್ಕೆ ಮುಖ್ಯವಲ್ಲ.

‘ಪ್ರೈವೇಟ್ ಅಡ್ರೆಸ್’ ಆನ್ ಮಾಡಿದಾಗ ಆಗುವುದು ಇಷ್ಟೇ: ಫೋನು ತನ್ನ ನಿಜವಾದ ಸಂಖ್ಯೆಯನ್ನು ಹೇಳುವ ಬದಲು, ತಾನೇ ಹುಟ್ಟಿಸಿಕೊಂಡ ಬೇರೊಂದು ಸಂಖ್ಯೆಯನ್ನು ರೂಟರ್‌ಗೆ ಹೇಳುತ್ತದೆ. ಮನೆಯ ವೈ-ಫೈಗೆ ಒಂದು ಸಂಖ್ಯೆ, ಆಫೀಸಿನ ವೈ-ಫೈಗೆ ಇನ್ನೊಂದು. ಫೋನು ಅದೇ, ಆದರೆ ರೂಟರ್‌ನ ಕಣ್ಣಿಗೆ ಹೊಸಬ.

ಎರಡು ಬಾಗಿಲು: ಕನೆಕ್ಟ್ ಆಗುವುದು ಬೇರೆ, ನೆಟ್ ಸಿಗುವುದು ಬೇರೆ

‘ಪಾಸ್‌ವರ್ಡ್ ಸರಿ ಇದ್ದರೆ ನೆಟ್ ಬರಲೇಬೇಕಲ್ಲ?’ ಎಂದು ಅನಿಸುವುದು ಸಹಜ. ಆದರೆ ವೈ-ಫೈಗೆ ಸೇರುವುದೂ ಇಂಟರ್‌ನೆಟ್ ಸಿಗುವುದೂ ಒಂದೇ ಅಲ್ಲ.

ಸೋಂಪುರ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯನ್ನು ಊಹಿಸಿಕೊಳ್ಳಿ. ಮೇನ್ ಗೇಟಿನಲ್ಲಿ ಸೆಕ್ಯೂರಿಟಿಯವರು ಯೂನಿಫಾರ್ಮ್ ನೋಡಿ ಒಳಗೆ ಬಿಡುತ್ತಾರೆ. ಒಳಗೆ ಯೂನಿಟ್‌ನ ಬಾಗಿಲಲ್ಲಿ ಇನ್ನೊಬ್ಬರು ಪಟ್ಟಿ ಹಿಡಿದು ನಿಂತು ಟೋಕನ್ ನಂಬರ್ ನೋಡುತ್ತಾರೆ. ಯೂನಿಫಾರ್ಮ್ ಸರಿಯಿದ್ದು ಟೋಕನ್ ನಂಬರ್ ಪಟ್ಟಿಯಲ್ಲಿ ಇಲ್ಲದಿದ್ದರೆ ನೀವು ಕಾಂಪೌಂಡಿನೊಳಗೇ ಇರುತ್ತೀರಿ, ಆದರೆ ಕೆಲಸಕ್ಕೆ ಹೋಗಲಾಗುವುದಿಲ್ಲ.

ರೂಟರ್‌ನಲ್ಲೂ ಹೀಗೆಯೇ. ವೈ-ಫೈ ಪಾಸ್‌ವರ್ಡ್ ಮೊದಲ ಬಾಗಿಲಿನದು. ಪಾಸ್‌ವರ್ಡ್ ಸರಿಯಿದ್ದರೆ ಫೋನು ಮನೆಯ ವೈ-ಫೈ ಜಾಲಕ್ಕೆ ಸೇರುತ್ತದೆ ಮತ್ತು ರೂಟರ್ ಅದಕ್ಕೆ ಮನೆಯೊಳಗಿನ ಒಂದು ಐಪಿ ವಿಳಾಸ ಕೊಡುತ್ತದೆ. ಮನೆಯಿಂದ ಹೊರಗೆ, ಇಂಟರ್‌ನೆಟ್‌ಗೆ ಹೋಗುವ ದಾರಿಯಲ್ಲಿರುವುದು ಎರಡನೇ ಬಾಗಿಲು. ಅಲ್ಲಿ ಮ್ಯಾಕ್ ವಿಳಾಸಗಳ ಪಟ್ಟಿ ಇಟ್ಟು ‘ಇವರನ್ನು ಮಾತ್ರ ಹೊರಗೆ ಬಿಡು’ ಎಂದು ರೂಟರ್‌ಗೆ ಹೇಳಬಹುದು. ಇದಕ್ಕೇ ಮ್ಯಾಕ್ ಫಿಲ್ಟರ್ ಎನ್ನುವುದು.

ಫೋನು ನೆಟ್ ಇದೆಯೋ ಇಲ್ಲವೋ ಎಂದು ತಿಳಿಯುವುದೂ ಈ ಎರಡನೇ ಬಾಗಿಲಿನಿಂದಲೇ. ವೈ-ಫೈಗೆ ಸೇರಿದ ಕೂಡಲೇ ಆಂಡ್ರಾಯ್ಡ್ ಫೋನು ಗೂಗಲ್‌ನ ಸರ್ವರ್‌ಗೆ, ಐಫೋನು ಆ್ಯಪಲ್‌ನ ಸರ್ವರ್‌ಗೆ ಒಂದು ಪುಟ್ಟ ವಿಚಾರಣೆ ಕಳುಹಿಸುತ್ತದೆ. ಉತ್ತರ ಬಾರದಿದ್ದರೆ ವೈ-ಫೈ ಹೆಸರಿನ ಕೆಳಗೆ ‘Connected without internet’ ಅಥವಾ ‘No Internet Connection’ ಎಂದು ತೋರಿಸುತ್ತದೆ. ಅಂದರೆ ಮೊದಲ ಬಾಗಿಲು ದಾಟಿದೆ, ಎರಡನೆಯದರಲ್ಲಿ ನಿಂತಿದೆ ಎಂದರ್ಥ.

ಕೆಲವು ರೂಟರ್‌ಗಳಲ್ಲಿ ಫಿಲ್ಟರ್ ಮೊದಲ ಬಾಗಿಲಿನಲ್ಲೇ ಇರುತ್ತದೆ. ಆಗ ಪಟ್ಟಿಯಲ್ಲಿಲ್ಲದ ಫೋನು ಕನೆಕ್ಟ್ ಆಗುವುದೇ ಇಲ್ಲ. ಪಾಸ್‌ವರ್ಡ್ ಸರಿಯಾಗಿ ಹಾಕಿದರೂ ಮತ್ತೆ ಮತ್ತೆ ಪ್ರಯತ್ನಿಸಿ ಸೋಲುತ್ತದೆ. ಆದ್ದರಿಂದ ತೊಂದರೆ ಯಾವ ಬಾಗಿಲಲ್ಲಿದೆ ಎಂದು ಮೊದಲು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ತೊಂದರೆ ಇದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಸೋಂಪುರದ ಮನೆಯವರಿಗೆ ನಾವು ಫೋನಿನಲ್ಲಿ ಮಾಡಿಸಿದ ಪರೀಕ್ಷೆಗಳು ಇವು. ನೀವೂ ಇದೇ ಕ್ರಮದಲ್ಲಿ ಮಾಡಬಹುದು. ಮೊದಲಿಗೆ ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ವೈ-ಫೈನಲ್ಲಿ ನೆಟ್ ಇಲ್ಲವೆಂದು ಗೊತ್ತಾದೊಡನೆ ಫೋನು ಸದ್ದಿಲ್ಲದೆ ಸಿಮ್‌ನ ಡೇಟಾಕ್ಕೆ ಹೋಗಬಹುದು. ಒಮ್ಮೆ ವಾಟ್ಸ್‌ಆ್ಯಪ್ ಬರುತ್ತದೆ, ಒಮ್ಮೆ ಬರುವುದಿಲ್ಲ ಎಂಬ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ.

ಮೊದಲನೆಯದು, ಮನೆಯ ಬೇರೆ ಫೋನುಗಳಿಗೆ ಅದೇ ವೈ-ಫೈನಲ್ಲಿ ನೆಟ್ ಬರುತ್ತಿದೆಯೇ ನೋಡಿ. ಯಾರಿಗೂ ಬರುತ್ತಿಲ್ಲ ಎಂದಾದರೆ ಪ್ರೈವೇಟ್ ಅಡ್ರೆಸ್‌ಗೂ ಇದಕ್ಕೂ ಸಂಬಂಧವಿಲ್ಲ. ಫೈಬರ್ ಪೆಟ್ಟಿಗೆಯಲ್ಲಿ ‘LOS’ ಎಂಬ ದೀಪ ಕೆಂಪಾಗಿದ್ದರೆ ಲೈನಿನಲ್ಲೇ ತೊಂದರೆ, ನೆಟ್ ಕೊಡುವವರನ್ನೇ ಕರೆಯಬೇಕು. ಸೋಂಪುರದ ಮನೆಯಲ್ಲಿ ಟಿವಿಗೂ ಮಗನ ಫೋನಿಗೂ ನೆಟ್ ಇತ್ತು. ಹಾಗಾಗಿ ಲೈನು ಸರಿಯಿತ್ತು.

ಎರಡನೆಯದು, ತೊಂದರೆಯಿರುವ ಫೋನಿನಲ್ಲಿ ವೈ-ಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ, ಐಫೋನ್ ಆದರೆ ‘i’ ಗುರುತು ಒತ್ತಿ, ಐಪಿ ವಿಳಾಸ ನೋಡಿ. ಅದು 192.168 ಎಂದು ಶುರುವಾಗುತ್ತಿದ್ದರೆ ಸಾಮಾನ್ಯವಾಗಿ ಮೊದಲ ಬಾಗಿಲು ದಾಟಿದೆ ಎಂದರ್ಥ. 169.254 ಎಂದು ಶುರುವಾಗಿದ್ದರೆ, ಅಥವಾ ಐಪಿ ವಿಳಾಸ ಸಿಗದೆ ಫೋನು ಅಲ್ಲೇ ಸುತ್ತುತ್ತಿದ್ದರೆ, ರೂಟರ್ ಫೋನಿಗೆ ವಿಳಾಸವನ್ನೇ ಕೊಟ್ಟಿಲ್ಲ. ಸೋಂಪುರದ ಫೋನಿನಲ್ಲಿ ಇದ್ದದ್ದು 192.168.1.7.

ಮೂರನೆಯದು, ಅದೇ ಫೋನಿನ ಬ್ರೌಸರ್‌ನಲ್ಲಿ ರೂಟರ್‌ನ ಪುಟ ತೆರೆಯಿರಿ. ಅದರ ವಿಳಾಸ ಅದೇ ಪರದೆಯಲ್ಲಿ ‘Gateway’ ಅಥವಾ ‘Router’ ಎಂಬಲ್ಲಿ ಕಾಣುತ್ತದೆ. ಹಲವು ಮನೆಗಳಲ್ಲಿ ಅದು 192.168.1.1 ಆಗಿರುತ್ತದೆ. ಲಾಗಿನ್ ಪುಟ ಬಂತು, ಆದರೆ ಹೊರಗಿನ ಯಾವ ಪುಟವೂ ಬರುತ್ತಿಲ್ಲ ಎಂದರೆ ಫೋನು ರೂಟರ್‌ನ ಜೊತೆ ಮಾತನಾಡುತ್ತಿದೆ, ರೂಟರ್ ಅದನ್ನು ಹೊರಗೆ ಬಿಡುತ್ತಿಲ್ಲ. ಸೋಂಪುರದಲ್ಲಿ ಆದದ್ದು ಇದೇ.

ನಾಲ್ಕನೆಯದು, ಫೋನು ಈಗ ರೂಟರ್‌ಗೆ ಹೇಳುತ್ತಿರುವ ಮ್ಯಾಕ್ ವಿಳಾಸ ಯಾವುದು ಎಂದು ನೋಡಿ. ಐಫೋನ್‌ನಲ್ಲಿ ಅದೇ ಪುಟದ ‘Private Wi-Fi Address’ ಭಾಗದಲ್ಲಿ ‘Wi-Fi Address’ ಎಂದು ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಚಕ್ರದ ಗುರುತಿನ ಪುಟದಲ್ಲೇ ‘Randomized MAC address’ ಎಂಬಂಥ ಹೆಸರಿನಲ್ಲಿ ಇರುತ್ತದೆ. ಇಲ್ಲಿ ನೆನಪಿಡಬೇಕಾದ ಒಂದು ಸುಲಭ ಸೂತ್ರವಿದೆ. ಮೊದಲ ಜೋಡಿಯ ಎರಡನೇ ಅಕ್ಷರ 2, 6, A ಅಥವಾ E ಆಗಿದ್ದರೆ ಅದು ಕಂಪನಿ ಕೊಟ್ಟ ಸಂಖ್ಯೆಯಲ್ಲ, ಫೋನು ತಾನೇ ಮಾಡಿಕೊಂಡದ್ದು. ಉದಾಹರಣೆಗೆ ಈ ಎರಡನ್ನು ನೋಡಿ:

```
3C:5A:B4:1E:90:27
DA:41:7F:0C:93:E6
```

ಮೊದಲನೆಯದರಲ್ಲಿ ಎರಡನೇ ಅಕ್ಷರ C, ಅದು ಕಂಪನಿ ಕೊಟ್ಟ ವಿಳಾಸದ ಮಾದರಿ. ಎರಡನೆಯದರಲ್ಲಿ A, ಅದು ಪ್ರೈವೇಟ್ ವಿಳಾಸ. ಇದು ಕಾಕತಾಳೀಯವಲ್ಲ. ‘ಈ ವಿಳಾಸ ಸ್ಥಳೀಯವಾಗಿ ಇಟ್ಟದ್ದು’ ಎಂದು ತಿಳಿಸಲು ಮೊದಲ ಜೋಡಿಯೊಳಗೆ ಒಂದು ಗುರುತನ್ನು ಮೀಸಲಿಟ್ಟಿದ್ದಾರೆ, ಆ ಗುರುತು ಹಾಕಿದಾಗ ಎರಡನೇ ಅಕ್ಷರ ಈ ನಾಲ್ಕರಲ್ಲಿ ಒಂದಾಗುತ್ತದೆ. ರೂಟರ್‌ನ ಪಟ್ಟಿ ನೋಡುವಾಗಲೂ ಇದೇ ಸೂತ್ರ ಕೆಲಸಕ್ಕೆ ಬರುತ್ತದೆ.

ಕೊನೆಯ ಪರೀಕ್ಷೆ ನಿರ್ಣಾಯಕ. ಆ ಒಂದು ವೈ-ಫೈಗೆ ಮಾತ್ರ ಪ್ರೈವೇಟ್ ಅಡ್ರೆಸ್ ಆಫ್ ಮಾಡಿ. ಐಫೋನ್‌ನಲ್ಲಿ ‘Off’, ಆಂಡ್ರಾಯ್ಡ್‌ನಲ್ಲಿ ‘Privacy’ ಒಳಗೆ ‘Use device MAC’, ಸ್ಯಾಮ್‌ಸಂಗ್ ಫೋನುಗಳಲ್ಲಿ ‘MAC address type’ ಒಳಗೆ ‘Phone MAC’. ನಂತರ ವೈ-ಫೈ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ. ನೆಟ್ ಬಂದರೆ, ಮತ್ತೆ ಪ್ರೈವೇಟ್ ಆನ್ ಮಾಡಿದಾಗ ಹೋದರೆ, ಅನುಮಾನವೇ ಬೇಡ: ರೂಟರ್‌ನಲ್ಲಿ ಮ್ಯಾಕ್ ಪಟ್ಟಿಯಿದೆ.

ಸೋಂಪುರದ ಮನೆಯವರು ಇದನ್ನು ಮಾಡಿದ ಕೂಡಲೇ ಎರಡೂ ಫೋನುಗಳಿಗೆ ನೆಟ್ ಬಂತು. ಮಗಳ ಇಂಟರ್‌ವ್ಯೂ ಅಂದಿಗೆ ಉಳಿಯಿತು.

ಪಟ್ಟಿ ಹಾಕಿದ್ದು ಯಾರು?

ಆ ಮನೆಯ ಮೇಲಿನ ಮಹಡಿಯಲ್ಲಿ ಎರಡು ಬಾಡಿಗೆ ಕೋಣೆಗಳಿವೆ. ಫ್ಯಾಕ್ಟರಿಗಳಿಗೆ ಹೋಗುವ ಹುಡುಗರು ಅಲ್ಲಿ ಇರುತ್ತಾರೆ. ಮೂರು ವರ್ಷದ ಹಿಂದೆ ವೈ-ಫೈ ಪಾಸ್‌ವರ್ಡ್ ಅವರಿಗೆ, ಅವರಿಂದ ಅವರ ಗೆಳೆಯರಿಗೆ ಗೊತ್ತಾಗಿ, ಸಂಜೆಯಾದರೆ ನೆಟ್ ತೆವಳುತ್ತಿತ್ತು. ಮನೆಯವರು ಹೇಳಿದ ಮೇಲೆ ನೆಟ್ ಹಾಕಿಕೊಟ್ಟ ಹುಡುಗ ಬಂದು, ‘ನಿಮ್ಮ ಮನೆಯ ಫೋನುಗಳಿಗೆ ಮಾತ್ರ ಬರೋ ಹಾಗೆ ಲಾಕ್ ಮಾಡಿದ್ದೀನಿ ಸರ್’ ಎಂದು ಹೇಳಿ ಹೋಗಿದ್ದ.

ಅವನು ಮಾಡಿದ್ದು ಎರಡು ಕೆಲಸ. ರೂಟರ್‌ನ ‘Security’ ಮೆನುವಿನೊಳಗಿನ ‘MAC Filter’ ಆನ್ ಮಾಡಿ ಮನೆಯ ಆರು ಸಾಧನಗಳ ವಿಳಾಸ ಬರೆದ. ಪಟ್ಟಿಯಲ್ಲಿನ ವಿಳಾಸ ಬದಲಾಗದಿರಲಿ ಎಂದು ಪ್ರತಿ ಫೋನಿನಲ್ಲೂ ಪ್ರೈವೇಟ್ ಅಡ್ರೆಸ್ ಆಫ್ ಮಾಡಿದ. ಎರಡನೆಯದನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗಿನ ಫೋನುಗಳಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಮೊದಲಿನಿಂದಲೇ ಆನ್ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ 2019 ರ 10 ನೇ ಆವೃತ್ತಿಯಿಂದ, ಐಫೋನ್‌ನಲ್ಲಿ 2020 ರ ಐಓಎಸ್ 14 ರಿಂದ ಹೀಗಿದೆ. ಹಾಗಾಗಿ ನಿಮ್ಮ ಮನೆಯ ವೈ-ಫೈಗೆ ಮಾತ್ರ ಅದು ಆಫ್ ಆಗಿ ಕಂಡರೆ, ಯಾರೋ ಒಂದು ಕಾರಣಕ್ಕೆ ಆಫ್ ಮಾಡಿರುವ ಸಾಧ್ಯತೆ ಇದೆ. ಆನ್ ಮಾಡುವ ಮೊದಲು ಆ ಕಾರಣ ಕೇಳುವುದು ಒಳ್ಳೆಯದು.

‘ನೆಟ್ ಕೊಡುವ ಕಂಪನಿಯೇ ನಮ್ಮ ಫೋನನ್ನು ಬ್ಲಾಕ್ ಮಾಡಿರಬಹುದಲ್ಲ?’ ಎಂಬ ಅನುಮಾನಕ್ಕೂ ಇಲ್ಲೇ ಉತ್ತರವಿದೆ. ಫೋನಿನ ಮ್ಯಾಕ್ ವಿಳಾಸ ಮನೆಯ ರೂಟರ್ ದಾಟಿ ಮುಂದೆ ಹೋಗುವುದಿಲ್ಲ. ರೂಟರ್ ಪ್ರತಿ ಮಾಹಿತಿ ತುಣುಕನ್ನೂ ಹೊರಗೆ ಕಳುಹಿಸುವಾಗ ತನ್ನದೇ ವಿಳಾಸ ಹಾಕುತ್ತದೆ. ಕೆಲವು ಕಡೆ ನೆಟ್ ಕೊಡುವವರು ಮ್ಯಾಕ್ ವಿಳಾಸ ನೋಡಿ ಸಂಪರ್ಕ ಕೊಡುವುದುಂಟು, ಆದರೆ ಅದು ರೂಟರ್‌ನ ವಿಳಾಸ, ಫೋನಿನದಲ್ಲ. ಆ ತೊಂದರೆ ಬರುವುದು ಹೊಸ ರೂಟರ್ ಹಾಕಿದಾಗ, ಮತ್ತು ಆಗ ಮನೆಯ ಎಲ್ಲರಿಗೂ ನೆಟ್ ಹೋಗುತ್ತದೆ.

ಮಾಡಬಾರದ ಒಂದು ಕೆಲಸ

ನೆಟ್ ಬಾರದಿದ್ದಾಗ ಹಲವರು ರೂಟರ್‌ನ ಹಿಂದಿರುವ ಸಣ್ಣ ತೂತಿಗೆ ಪಿನ್ನು ಚುಚ್ಚುತ್ತಾರೆ. ಸೋಂಪುರದ ಮನೆಯವರೂ ಪಿನ್ನು ಹಿಡಿದು ಸಿದ್ಧರಾಗಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ರೀಸ್ಟಾರ್ಟ್, ಅದರಿಂದ ಏನೂ ಅಳಿಯುವುದಿಲ್ಲ. ಆದರೆ ಆ ತೂತಿನ ಗುಂಡಿ ಒತ್ತಿ ಹಿಡಿದರೆ ಆಗುವುದು ರೀಸೆಟ್. ರೂಟರ್ ಅಂಗಡಿಯಿಂದ ಬಂದಾಗ ಇದ್ದ ಸ್ಥಿತಿಗೆ ಹೋಗುತ್ತದೆ. ಮ್ಯಾಕ್ ಪಟ್ಟಿ ಅಳಿಯುವುದು ನಿಜ, ಆದರೆ ಅದರ ಜೊತೆ ನೆಟ್ ಕೊಡುವವರು ರೂಟರ್‌ನಲ್ಲಿ ಬರೆದಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ಲೈನಿನ ಸೆಟ್ಟಿಂಗ್ ಕೂಡ ಅಳಿದುಹೋಗಬಹುದು. ಎರಡು ಫೋನಿಗೆ ಇಲ್ಲದಿದ್ದ ನೆಟ್ ಆಗ ಮನೆಗೇ ಇಲ್ಲವಾಗುತ್ತದೆ, ಅವರು ಬಂದು ಮತ್ತೆ ಹಾಕುವ ತನಕ ಕಾಯಬೇಕು.

ಸರಿಪಡಿಸಲು ಮೂರು ದಾರಿ

ಮೊದಲ ದಾರಿ ಮೇಲೆ ಹೇಳಿದ್ದೇ: ಮನೆಯ ವೈ-ಫೈಗೆ ಮಾತ್ರ ಪ್ರೈವೇಟ್ ಅಡ್ರೆಸ್ ಆಫ್ ಇಡುವುದು. ಈ ಆಯ್ಕೆ ಪ್ರತಿ ವೈ-ಫೈಗೂ ಬೇರೆ ಬೇರೆ. ಮನೆಯಲ್ಲಿ ಆಫ್ ಮಾಡಿದರೆ ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ಅದು ಆನ್ ಆಗಿಯೇ ಇರುತ್ತದೆ. ನಿಮ್ಮದೇ ಮನೆಯ ರೂಟರ್‌ಗೆ ನಿಮ್ಮ ಫೋನಿನ ನಿಜವಾದ ಸಂಖ್ಯೆ ಗೊತ್ತಾಗುವುದರಿಂದ ದೊಡ್ಡ ಅಪಾಯವಿಲ್ಲ. ತುರ್ತಿಗೆ ಇದು ಸಾಕು.

ಎರಡನೇ ದಾರಿ, ಫೋನಿನ ಪ್ರೈವೇಟ್ ವಿಳಾಸವನ್ನೇ ರೂಟರ್‌ನ ಪಟ್ಟಿಗೆ ಸೇರಿಸುವುದು. ಇದು ಕೆಲಸ ಮಾಡುವುದು ಆ ವಿಳಾಸ ಬದಲಾಗದೆ ಉಳಿದರೆ ಮಾತ್ರ. ಆಂಡ್ರಾಯ್ಡ್ ಸಾಮಾನ್ಯವಾಗಿ ಒಂದು ವೈ-ಫೈಗೆ ಒಂದೇ ಪ್ರೈವೇಟ್ ವಿಳಾಸವನ್ನು ಉಳಿಸಿಕೊಳ್ಳುತ್ತದೆ, ಆದರೆ ನೀವು ವೈ-ಫೈಯ ಹೆಸರು ಬದಲಿಸಿದರೆ ಅಥವಾ ಫೋನನ್ನು ಪೂರ್ತಿ ರೀಸೆಟ್ ಮಾಡಿದರೆ ಹೊಸದು ಬರುತ್ತದೆ. ಐಫೋನ್‌ನಲ್ಲಿ 2024 ರ ಐಓಎಸ್ 18 ರಿಂದ ಮೂರು ಆಯ್ಕೆಗಳಿವೆ: ‘Off’, ‘Fixed’ ಮತ್ತು ‘Rotating’. ‘Rotating’ ಇಟ್ಟರೆ ವಿಳಾಸ ಸುಮಾರು ಎರಡು ವಾರಕ್ಕೊಮ್ಮೆ ಬದಲಾಗುತ್ತದೆ. ಪಟ್ಟಿಗೆ ಸೇರಿಸಿ ನೆಮ್ಮದಿಯಾಗಿ ಕೂತವರಿಗೆ ಹದಿನೈದು ದಿನಕ್ಕೆ ಮತ್ತೆ ನೆಟ್ ಹೋಗುವುದು ಈ ಕಾರಣಕ್ಕೆ. ಮನೆಯ ವೈ-ಫೈಗೆ ‘Fixed’ ಇಡಿ.

ಪಟ್ಟಿಯಲ್ಲಿ ಬರೆಯುವಾಗ ಅದು ಯಾವ ಬಗೆಯ ಪಟ್ಟಿ ಎಂದು ನೋಡಿಕೊಳ್ಳಿ. ‘Whitelist’ ಅಥವಾ ‘Allow’ ಎಂದಿದ್ದರೆ ಪಟ್ಟಿಯಲ್ಲಿರುವವರಿಗೆ ಮಾತ್ರ ನೆಟ್. ‘Blacklist’ ಅಥವಾ ‘Deny’ ಎಂದಿದ್ದರೆ ಪಟ್ಟಿಯಲ್ಲಿರುವವರಿಗೆ ಮಾತ್ರ ತಡೆ. ಒಂದರ ಬದಲು ಇನ್ನೊಂದನ್ನು ಆರಿಸಿದರೆ ಮನೆಯವರೆಲ್ಲ ಹೊರಗೆ, ಊರವರೆಲ್ಲ ಒಳಗೆ ಎಂಬಂತಾಗುತ್ತದೆ.

ಮೂರನೇ ದಾರಿ ಮ್ಯಾಕ್ ಫಿಲ್ಟರ್ ಅನ್ನೇ ತೆಗೆದು, ಬಾಗಿಲನ್ನು ಪಾಸ್‌ವರ್ಡ್‌ನಿಂದ ಭದ್ರ ಮಾಡುವುದು. ನಮ್ಮ ಸಲಹೆ ಇದೇ. ಯಾಕೆಂದರೆ ಮ್ಯಾಕ್ ಪಟ್ಟಿ ಬೀಗದ ಹಾಗೆ ಕಂಡರೂ ಬೀಗವಲ್ಲ. ವೈ-ಫೈನಲ್ಲಿ ನೀವು ಕಳುಹಿಸುವ ವಿಷಯವನ್ನು ಗೂಢಲಿಪಿಯಲ್ಲಿ ಮುಚ್ಚಲಾಗುತ್ತದೆ, ಆದರೆ ಯಾರಿಂದ ಯಾರಿಗೆ ಎಂಬ ಮ್ಯಾಕ್ ವಿಳಾಸವನ್ನು ಮುಚ್ಚುವುದಿಲ್ಲ. ಲಕೋಟೆ ಅಂಟಿಸಿದ್ದರೂ ಮೇಲೆ ಬರೆದ ವಿಳಾಸ ಅಂಚೆಯಣ್ಣನಿಗೆ ಕಾಣುವ ಹಾಗೆ. ಸುತ್ತಮುತ್ತ ಇರುವವರು ಸೂಕ್ತ ಸಾಫ್ಟ್‌ವೇರ್‌ನಿಂದ ನಿಮ್ಮ ಫೋನಿನ ವಿಳಾಸ ಓದಿ, ತಮ್ಮ ಲ್ಯಾಪ್‌ಟಾಪ್‌ಗೆ ಅದನ್ನೇ ಇಟ್ಟುಕೊಳ್ಳಬಹುದು. ಪಾಸ್‌ವರ್ಡ್ ಹಾಗೆ ಗಾಳಿಯಲ್ಲಿ ಬರಿಗಣ್ಣಿಗೆ ಕಾಣುವಂತೆ ಹರಿದಾಡುವುದಿಲ್ಲ.

ಮಾಡುವ ಕ್ರಮ ಮುಖ್ಯ. ಮೊದಲು ವೈ-ಫೈ ಭದ್ರತೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆಗಿದೆಯೇ ನೋಡಿ, ಉದ್ದವಾದ ಹೊಸ ಪಾಸ್‌ವರ್ಡ್ ಇಡಿ. ಆಮೇಲೆ ಫಿಲ್ಟರ್ ಆಫ್ ಮಾಡಿ. ಹಿಂದುಮುಂದಾದರೆ ಹಳೆಯ ಪಾಸ್‌ವರ್ಡ್ ಗೊತ್ತಿರುವವರೆಲ್ಲ ಆ ನಡುವೆ ಒಳಬರುತ್ತಾರೆ. ಪಾಸ್‌ವರ್ಡ್ ಬದಲಾದ ಮೇಲೆ ಟಿವಿ ಮತ್ತು ಕ್ಯಾಮೆರಾಗಳಿಗೂ ಹೊಸದನ್ನು ಹಾಕಬೇಕು, ಇದನ್ನು ಹಲವರು ಮರೆಯುತ್ತಾರೆ. ಬಾಡಿಗೆಯವರಿಗೂ ನೆಟ್ ಕೊಡುವ ಮನಸ್ಸಿದ್ದರೆ ರೂಟರ್‌ನ ‘Guest’ ವೈ-ಫೈ ಆನ್ ಮಾಡಿ ಅದಕ್ಕೆ ಬೇರೆ ಪಾಸ್‌ವರ್ಡ್ ಇಡಿ. ಬಾಡಿಗೆಯವರು ಬದಲಾದಾಗ ಅದೊಂದನ್ನು ಬದಲಿಸಿದರೆ ಸಾಕು.

ರೂಟರ್‌ನ ಲಾಗಿನ್ ನಿಮ್ಮಲ್ಲಿ ಇಲ್ಲದಿದ್ದರೆ ಅದರ ತಳದಲ್ಲಿರುವ ಸ್ಟಿಕ್ಕರ್ ನೋಡಿ. ಅದು ನಡೆಯದಿದ್ದರೆ ನೆಟ್ ಕೊಡುವವರಿಗೆ ಕರೆ ಮಾಡಿ. ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ಅವರು ಲೈನ್ ನೋಡಿ ಸರಿಯಿದೆ ಎಂದು ಹೇಳಿ ಮುಗಿಸುತ್ತಾರೆ. ಅದರ ಬದಲು ಹೀಗೆ ಹೇಳಿ: ‘ಬೇರೆ ಫೋನುಗಳಿಗೆ ನೆಟ್ ಇದೆ, ಈ ಫೋನಿಗೆ ಐಪಿ ಸಿಕ್ಕಿದೆ, ರೂಟರ್ ಪುಟವೂ ತೆರೆಯುತ್ತೆ, ಹೊರಗೆ ಮಾತ್ರ ಹೋಗ್ತಿಲ್ಲ. ರೂಟರ್‌ನಲ್ಲಿ ಮ್ಯಾಕ್ ಫಿಲ್ಟರ್ ಆನ್ ಇದೆಯಾ ನೋಡಿ.’

ಇದರ ಇನ್ನೊಂದು ಮುಖ: ಮಕ್ಕಳ ಫೋನು

ಇದೇ ಕಾರಣದಿಂದ ಉಲ್ಟಾ ತೊಂದರೆಯೂ ಆಗುತ್ತದೆ. ರಾತ್ರಿ ಹತ್ತರ ಮೇಲೆ ಮಗನ ಫೋನಿಗೆ ನೆಟ್ ಬೇಡ ಎಂದು ಕೆಲವರು ರೂಟರ್‌ನ ‘Parental Control’ ನಲ್ಲಿ ಆ ಫೋನಿನ ಮ್ಯಾಕ್ ವಿಳಾಸ ಹಾಕಿರುತ್ತಾರೆ. ಅದು ತಡೆಯುವವರ ಪಟ್ಟಿ. ಮಗ ಪ್ರೈವೇಟ್ ಅಡ್ರೆಸ್ ಆನ್ ಮಾಡಿದರೆ ಅವನ ಫೋನು ಹೊಸ ಸಂಖ್ಯೆಯಲ್ಲಿ ಬರುತ್ತದೆ, ಆ ಸಂಖ್ಯೆ ಪಟ್ಟಿಯಲ್ಲಿಲ್ಲ, ರಾತ್ರಿಯಿಡೀ ನೆಟ್ ಓಡುತ್ತದೆ. ರೂಟರ್‌ನ ಪುಟದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕನೆಕ್ಟ್ ಆದವರ ಪಟ್ಟಿ ತೆರೆದು, ಎರಡನೇ ಅಕ್ಷರ 2, 6, A, E ಇರುವ ಅಪರಿಚಿತ ವಿಳಾಸ ಇದೆಯೇ ನೋಡಿದರೆ ಗೊತ್ತಾಗುತ್ತದೆ. ಮಕ್ಕಳ ಸಮಯ ಮಿತಿಯನ್ನು ರೂಟರ್‌ನಲ್ಲಿ ಇಡುವುದಕ್ಕಿಂತ ಅವರ ಫೋನಿನಲ್ಲೇ ಇಡುವುದು ಹೆಚ್ಚು ನಂಬಿಕೆಯದು.

ಹಾಗಾದರೆ ಫಾರ್ವರ್ಡ್ ಪೂರ್ತಿ ಸುಳ್ಳೇ?

ಅಲ್ಲ. ಪ್ರೈವೇಟ್ ಅಡ್ರೆಸ್ ನಿಜವಾದ ಒಂದು ತೊಂದರೆಗೆ ಬಂದ ಪರಿಹಾರ. ಆದರೆ ಆ ತೊಂದರೆ ಬ್ಯಾಂಕ್ ಖಾತೆಯದಲ್ಲ, ನಾವು ಎಲ್ಲೆಲ್ಲಿ ಓಡಾಡುತ್ತೇವೆ ಎಂಬುದನ್ನು ಹಿಂಬಾಲಿಸುವುದರದ್ದು.

ವೈ-ಫೈ ಆನ್ ಇದ್ದ ಫೋನು ಸುತ್ತ ಯಾವ ವೈ-ಫೈಗಳಿವೆ ಎಂದು ಆಗಾಗ ಕೂಗಿ ಕೇಳುತ್ತಿರುತ್ತದೆ. ಹಿಂದೆ ಆ ಕೂಗಿನಲ್ಲಿ ತನ್ನ ನಿಜವಾದ ಮ್ಯಾಕ್ ವಿಳಾಸವನ್ನೂ ಹೇಳುತ್ತಿತ್ತು. ಲಂಡನ್ ನಗರದ ಬೀದಿಗಳಲ್ಲಿದ್ದ ಕೆಲವು ಕಸದ ಡಬ್ಬಿಗಳು ದಾರಿಹೋಕರ ಫೋನುಗಳ ಈ ವಿಳಾಸವನ್ನು ದಾಖಲಿಸಿಕೊಳ್ಳುತ್ತಿದ್ದವು. ಜಾಹೀರಾತು ಪರದೆ ಹೊತ್ತಿದ್ದ ಆ ಡಬ್ಬಿಗಳ ಸಂಗತಿ 2013 ರ ಆಗಸ್ಟ್‌ನಲ್ಲಿ ಬಯಲಾಗಿ, ನಗರಾಡಳಿತ ಅದನ್ನು ನಿಲ್ಲಿಸುವಂತೆ ಹೇಳಿತು. ಮರುವರ್ಷ, 2014 ರಲ್ಲಿ, ಆ್ಯಪಲ್ ಐಓಎಸ್ 8 ರಲ್ಲಿ ಹೀಗೆ ಹುಡುಕುವಾಗ ಸುಳ್ಳು ವಿಳಾಸ ಹೇಳುವ ವ್ಯವಸ್ಥೆ ತಂದಿತು. ವೈ-ಫೈಗೆ ಸೇರಿದ ಮೇಲೂ ಬೇರೆ ವಿಳಾಸ ಹೇಳುವ ಪದ್ಧತಿ ಬಂದದ್ದು ಆಮೇಲೆ.

ಅದಕ್ಕೂ ಮಿತಿಗಳಿವೆ. ಸಾರ್ವಜನಿಕ ವೈ-ಫೈಗೆ ಮೊಬೈಲ್ ನಂಬರ್ ಮತ್ತು ಓಟಿಪಿ ಕೊಟ್ಟು ಲಾಗಿನ್ ಆದರೆ, ನೀವು ಯಾರೆಂದು ನೀವೇ ಹೇಳಿದಂತೆ, ಪ್ರೈವೇಟ್ ವಿಳಾಸ ಅದನ್ನು ಮುಚ್ಚಿಡಲಾರದು. ಐಫೋನ್‌ಗಳಲ್ಲಿ ಈ ವ್ಯವಸ್ಥೆಯೊಳಗೇ ಒಂದು ದೋಷವಿದ್ದು, ನಿಜವಾದ ವಿಳಾಸ ಬೇರೊಂದು ದಾರಿಯಿಂದ ಸೋರುತ್ತಿತ್ತು. 2023 ರ ಅಕ್ಟೋಬರ್‌ನಲ್ಲಿ ಬಂದ ಐಓಎಸ್ 17.1 ಅದನ್ನು ಸರಿಪಡಿಸಿತು. ಫೋನಿನ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಬ್ಯಾಂಕ್ ಖಾತೆಯ ಮಾತಿಗೆ ಆಧಾರವಿಲ್ಲ. ಮ್ಯಾಕ್ ವಿಳಾಸ ಗೊತ್ತಿದ್ದ ಮಾತ್ರಕ್ಕೆ ಯಾರೂ ನಿಮ್ಮ ಪಿನ್ ಅಥವಾ ಓಟಿಪಿ ಓದಲಾರರು. ಬ್ಯಾಂಕ್ ಆ್ಯಪ್ ಮತ್ತು ಬ್ಯಾಂಕಿನ ನಡುವಿನ ಮಾತು ಗೂಢಲಿಪಿಯಲ್ಲಿ ಹೋಗುತ್ತದೆ, ಅದಕ್ಕೆ ಫೋನಿನ ಮ್ಯಾಕ್ ವಿಳಾಸದ ಸಂಬಂಧವೇ ಇಲ್ಲ. ಪ್ರೈವೇಟ್ ಅಡ್ರೆಸ್ ಆನ್ ಇದ್ದರೂ, ಮೋಸದ ಕರೆ ನಂಬಿ ಓಟಿಪಿ ಹೇಳಿದರೆ ಹಣ ಹೋಗುತ್ತದೆ. ಆಫ್ ಇದ್ದರೂ, ಓಟಿಪಿ ಹೇಳದಿದ್ದವರ ಹಣ ಈ ಕಾರಣಕ್ಕೆ ಹೋಗುವುದಿಲ್ಲ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಆ ಹಳೆಯ ಸಂದೇಶ ನಿಮ್ಮ ಗುಂಪಿಗೆ ಬಂದಿದ್ದರೆ, ಅದರ ಕೆಳಗೆ ಇಷ್ಟನ್ನು ಹಾಕಬಹುದು:

‘ಪ್ರೈವೇಟ್ ವೈ-ಫೈ ಅಡ್ರೆಸ್ ಹೊರಗಿನ ವೈ-ಫೈಗಳಲ್ಲಿ ಆನ್ ಇರಲಿ, ಬಹುತೇಕ ಹೊಸ ಫೋನುಗಳಲ್ಲಿ ಈಗಾಗಲೇ ಆನ್ ಇದೆ. ಇದಕ್ಕೂ ಬ್ಯಾಂಕ್ ಖಾತೆಗೂ ಸಂಬಂಧವಿಲ್ಲ. ಮನೆಯಲ್ಲಿ ಆನ್ ಮಾಡಿದ ಮೇಲೆ ವೈ-ಫೈ ಇದ್ದೂ ನೆಟ್ ಬಾರದಿದ್ದರೆ ಆ ಒಂದು ವೈ-ಫೈಗೆ ಆಫ್ ಮಾಡಿ ನೋಡಿ. ನೆಟ್ ಬಂದರೆ ನಿಮ್ಮ ರೂಟರ್‌ನಲ್ಲಿ ಮ್ಯಾಕ್ ಫಿಲ್ಟರ್ ಇದೆ. ರೂಟರ್‌ನ ರೀಸೆಟ್ ಗುಂಡಿ ಒತ್ತಬೇಡಿ.’